ಮಿನಿಮಮ್ ಬ್ಯಾಲೆನ್ಸ್ ಚಾರ್ಜ್ ತಪ್ಪಾಗಿ ಕಟ್ ಆದಾಗ: ದೋಷ ಹುಡುಕಿ ಗ್ರಾಹಕರಿಗೆ ಉತ್ತರ ಬರೆದ ಬಗೆ

2024ರ ನವೆಂಬರ್ 18, ಸೋಮವಾರ. ಆಗ ನಾನು ಮುಂಬೈನ ಮಾಟುಂಗಾದಲ್ಲಿ ಒಂದು ಬ್ಯಾಂಕಿನ ಬ್ರಾಂಚ್ ಮ್ಯಾನೇಜರ್. ಕುಂದಾಪುರ ಕಡೆಯ ಒಬ್ಬ ಗ್ರಾಹಕರು ಕನ್ನಡದಲ್ಲಿ ಕೈಯಾರೆ ಬರೆದ ದೂರು ತಂದುಕೊಟ್ಟರು. ಜೊತೆಗೆ ಪಾಸ್‌ಬುಕ್ಕಿನ ಜೆರಾಕ್ಸ್ ಇತ್ತು. ಮೊದಲು ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದರು. ಈಗ ಸ್ಟೇಷನ್ ಹತ್ತಿರ ಸ್ವಂತ ತಿಂಡಿ ಸ್ಟಾಲ್ ಇಟ್ಟಿದ್ದರು.

"ಖಾತೆ ತೆಗೆಯುವಾಗ ಜೀರೋ ಬ್ಯಾಲೆನ್ಸ್ ಅಂದಿದ್ರಿ ಸಾರ್. ಈಗ ಮೂರು ತಿಂಗಳಿಂದ ದುಡ್ಡು ಕಟ್ ಆಗ್ತಾ ಉಂಟು. ಒಂದು ಮೆಸೇಜೂ ಬರ್ಲಿಲ್ಲ. ಈಗ ಮೈನಸ್ ತೋರಿಸ್ತದೆ. ನಾನೇ ಬ್ಯಾಂಕಿಗೆ ಸಾಲ ಕೊಡ್ಬೇಕಾ?" ಎಂದು ಕೇಳಿದರು.

ಮಾತು ಜೋರಾಗಿರಲಿಲ್ಲ, ಆದರೆ ನೋವಾಗಿತ್ತು. ದೂರು ತೆಗೆದುಕೊಂಡು, ತಾರೀಕಿನ ಸೀಲ್ ಹಾಕಿದ ಒಂದು ಪ್ರತಿ ಅವರಿಗೆ ಕೊಟ್ಟೆ. ಒಂದು ವಾರ ಸಮಯ ಕೇಳಿದೆ. ಆ ವಾರದಲ್ಲಿ ಏನೇನು ನೋಡಿದೆ, ತಪ್ಪು ಎಲ್ಲಿ ಸಿಕ್ಕಿತು, ಕೊನೆಗೆ ಏನೆಂದು ಬರೆದೆ ಎಂಬುದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಖಾತೆಯಲ್ಲೂ ಇಂಥದ್ದೇ ಕಟ್ ಆಗಿದ್ದರೆ ಇದೇ ದಾರಿಯಲ್ಲಿ ನೀವೇ ಹುಡುಕಬಹುದು.

ದೂರಿನಲ್ಲಿದ್ದ ನಾಲ್ಕು ಎಂಟ್ರಿಗಳು ಇವು:

```
10-09-2024  MIN BAL CHRG AUG24   113.28
10-10-2024  MIN BAL CHRG SEP24   311.52
26-10-2024  ATM FEE INCL GST      24.78
10-11-2024  MIN BAL CHRG OCT24   304.44
```

ಒಟ್ಟು 754 ರೂಪಾಯಿ 2 ಪೈಸೆ. ಮೊದಲು ಮಾಡಬೇಕಾದ ಕೆಲಸ ಎಂದರೆ ಎಂಟ್ರಿಗಳನ್ನು ಬೇರೆ ಮಾಡುವುದು. "ಸುಮ್ನೆ ದುಡ್ಡು ಕಟ್ ಮಾಡಿದ್ದಾರೆ" ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಬರೆದರೆ ಉತ್ತರವೂ ಗಂಟಾಗಿಯೇ ಬರುತ್ತದೆ. ಇಲ್ಲಿ ಮೂರು ಎಂಟ್ರಿ ಮಿನಿಮಮ್ ಬ್ಯಾಲೆನ್ಸಿನದು, ಒಂದು ಎಟಿಎಮ್‌ನದು. ಎರಡಕ್ಕೂ ನಿಯಮ ಬೇರೆ, ಹಾಗಾಗಿ ತನಿಖೆಯೂ ಬೇರೆ.

ಖಾತೆ ಈಗ ಯಾವ ಬಗೆಯದು?

ಅವರು ಹೇಳಿದ್ದು ನಿಜ. ಖಾತೆ ತೆರೆದಾಗ ಅದು ಸಂಬಳದ ಖಾತೆ, ಅದಕ್ಕೆ ಮಿನಿಮಮ್ ಇಲ್ಲ. ಹೋಟೆಲಿನಿಂದ ಕೊನೆಯ ಸಂಬಳ ಬಂದದ್ದು 2024ರ ಮಾರ್ಚ್ 31ಕ್ಕೆ. ನಮ್ಮ ಬ್ಯಾಂಕಿನಲ್ಲಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಖಾತೆ ಮಾಮೂಲಿ ಉಳಿತಾಯ ಖಾತೆಗೆ ಬದಲಾಗುತ್ತಿತ್ತು. ಸ್ಕ್ರೀನಿನಲ್ಲಿ ನೋಡಿದೆ. ಜುಲೈ 1ರಂದು ಖಾತೆಯ ಕೋಡ್ ಬದಲಾಗಿತ್ತು. ಅಲ್ಲಿಂದ ಮುಂದೆ ತಿಂಗಳ ಸರಾಸರಿ 5,000 ರೂಪಾಯಿ ಇರಬೇಕು.

ಕೆಲಸ ಬಿಟ್ಟ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಪಾಸ್‌ಬುಕ್ ಅದೇ, ಖಾತೆ ನಂಬರ್ ಅದೇ, ಕಾರ್ಡ್ ಅದೇ. ಒಳಗಿನ ಕೋಡ್ ಮಾತ್ರ ಬೇರೆ. ಆದ್ದರಿಂದ ಬ್ರಾಂಚಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: "ನನ್ನ ಖಾತೆ ಈಗ ಯಾವ ಸ್ಕೀಮಿನಲ್ಲಿದೆ, ಯಾವ ತಾರೀಕಿನಿಂದ?" ಆ ತಾರೀಕು ಇಲ್ಲದೆ ಮುಂದಿನ ಲೆಕ್ಕ ಯಾವುದೂ ಆಗುವುದಿಲ್ಲ.

ಇಷ್ಟು ಮಿನಿಮಮ್ ಇರಬೇಕೆಂದು ರಿಸರ್ವ್ ಬ್ಯಾಂಕ್ ಗೊತ್ತು ಮಾಡುವುದಿಲ್ಲ. ಅದನ್ನು ಆಯಾ ಬ್ಯಾಂಕೇ ಮಾಡುತ್ತದೆ. ಸ್ಟೇಟ್ ಬ್ಯಾಂಕ್ 2020ರಲ್ಲಿಯೇ ಈ ದಂಡ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಬಿಟ್ಟಿತು. ಪಕ್ಕದ ಮನೆಯವರಿಗೆ ಕಟ್ ಆಗುತ್ತಿಲ್ಲ ಎಂಬುದರಿಂದ ನಿಮ್ಮದು ತಪ್ಪು ಎಂದಾಗುವುದಿಲ್ಲ.

ಲೆಕ್ಕ ಸರಿ ಇದೆಯಾ?

ದೂರಿನಲ್ಲಿ ಒಂದು ಮಾತಿತ್ತು: "ಆಗಸ್ಟ್‌ನಲ್ಲಿ ನನ್ನ ಖಾತೆಯಲ್ಲಿ 14,000 ಇತ್ತು, ಆದರೂ ಕಟ್ ಮಾಡಿದ್ದೀರಿ." 14,000 ಇದ್ದದ್ದು ಹೌದು, ಐದು ದಿನ ಮಾತ್ರ. ಇಲ್ಲಿ ಲೆಕ್ಕ ಹಿಡಿಯುವುದು ಸರಾಸರಿಯನ್ನು. ಪ್ರತಿ ದಿನದ ಕೊನೆಗೆ ಉಳಿದ ಹಣವನ್ನು ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸಬೇಕು.

ಆಗಸ್ಟ್ 1ರಿಂದ 10ರವರೆಗೆ ಖಾತೆಯಲ್ಲಿ 1,500 ರೂಪಾಯಿ ಇತ್ತು. 11ಕ್ಕೆ 12,500 ಕಟ್ಟಿದರು. 15ರವರೆಗೆ 14,000 ಇತ್ತು. 16ಕ್ಕೆ ಮಗಳ ಸ್ಕೂಲ್ ಫೀಸಿನ ಚೆಕ್ ಪಾಸಾಯಿತು. ತಿಂಗಳ ಕೊನೆಯವರೆಗೆ 1,275 ಉಳಿಯಿತು. ಇದನ್ನು ಹೀಗೆ ಕೂಡಿಸಬೇಕು:

```
10 x 1500   =  15000
 5 x 14000  =  70000
16 x 1275   =  20400
105400 / 31 =   3400
```

ಸರಾಸರಿ 3,400. ಕೊರತೆ 1,600. ನಮ್ಮ ದರಪಟ್ಟಿಯಲ್ಲಿ ಕೊರತೆಯ ಶೇಕಡಾ 6 ಎಂದಿತ್ತು. ಅಂದರೆ 96 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, 17.28. ಒಟ್ಟು 113.28. ಪಾಸ್‌ಬುಕ್ಕಿನಲ್ಲಿ ಇದ್ದದ್ದೂ ಅಷ್ಟೇ. ಉಳಿದೆರಡು ತಿಂಗಳೂ ತಾಳೆಯಾದವು.

ಕೊರತೆಗೆ ತಕ್ಕಂತೆ ದಂಡ ಎಂಬುದು ಬ್ಯಾಂಕಿನ ಔದಾರ್ಯ ಅಲ್ಲ. 2014ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹಾಗೆಂದು ಹೇಳಿತು, 2015ರ ಏಪ್ರಿಲ್ 1ರಿಂದ ಜಾರಿಯಾಯಿತು. ನೂರು ರೂಪಾಯಿ ಕಮ್ಮಿ ಇದ್ದವರಿಗೂ ನಾಲ್ಕು ಸಾವಿರ ಕಮ್ಮಿ ಇದ್ದವರಿಗೂ ಒಂದೇ ದಂಡ ಹಾಕಿದ್ದರೆ ಅಲ್ಲಿಯೇ ನಿಲ್ಲಿಸಿ ಪ್ರಶ್ನೆ ಕೇಳಿ. ನಮ್ಮ ಕೇಸಿನಲ್ಲಿ ಆ ದೋಷ ಇರಲಿಲ್ಲ.

ತಿಳಿಸಿದ್ದು ಯಾರಿಗೆ?

ಅದೇ 2014ರ ಸೂಚನೆಯಲ್ಲಿ ಇನ್ನೊಂದು ಮಾತಿದೆ. ನನ್ನ ಅನುಭವದಲ್ಲಿ ಹೆಚ್ಚು ದೂರುಗಳು ಬಗೆಹರಿಯುವುದು ಇದರಿಂದಲೇ. ಬ್ಯಾಲೆನ್ಸ್ ಕಮ್ಮಿಯಾದರೆ ಬ್ಯಾಂಕು ಮೊದಲು ಗ್ರಾಹಕರಿಗೆ ಎಸ್‌ಎಮ್‌ಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತಿಳಿಸಿದ ಮೇಲೆ ಹಣ ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಆಮೇಲೂ ತುಂಬದಿದ್ದರೆ ಮಾತ್ರ ದಂಡ.

ಮೆಸೇಜ್ ಲಾಗ್ ತೆಗೆಸಿದೆ. ಜುಲೈ 1ಕ್ಕೆ ಖಾತೆ ಬದಲಾದ ಮೆಸೇಜ್ ಹೋಗಿತ್ತು. ಆಗಸ್ಟ್ 3ಕ್ಕೆ "ಜುಲೈನಲ್ಲಿ ಸರಾಸರಿ ಕಮ್ಮಿ ಇದೆ, ಒಂದು ತಿಂಗಳೊಳಗೆ ಸರಿಪಡಿಸಿ" ಎಂದು ಹೋಗಿತ್ತು. ಜುಲೈಗೆ ದಂಡ ಹಾಕಿರಲಿಲ್ಲ. ಮೊದಲ ದಂಡ ಬಿದ್ದದ್ದು ಸೆಪ್ಟೆಂಬರ್ 10ಕ್ಕೆ. ಪ್ರತಿ ಮೆಸೇಜಿನ ಮುಂದೆಯೂ "DELIVERED" ಎಂದಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಉತ್ತರ ಎರಡೇ ಸಾಲಿನದು: ನೋಂದಾಯಿತ ಮೊಬೈಲಿಗೆ ಮಾಹಿತಿ ಕಳಿಸಿದ್ದೇವೆ, ದಂಡ ನಿಯಮದಂತೆ ಇದೆ. ಇಂಥ ಉತ್ತರಗಳು ದಿನವೂ ಹೋಗುತ್ತವೆ. ಆದರೆ ಎದುರಿಗೆ ಕೂತ ಮನುಷ್ಯ ಒಂದೂ ಮೆಸೇಜ್ ಬಂದಿಲ್ಲ ಅಂದಿದ್ದರು. ಅವರು ಸುಳ್ಳು ಹೇಳುವ ಥರ ಕಾಣಲಿಲ್ಲ. ಲಾಗ್ ಸುಳ್ಳು ಹೇಳುವುದಿಲ್ಲ. ಎರಡೂ ನಿಜ ಆಗಿರಬೇಕಾದರೆ ಮೆಸೇಜ್ ಬೇರೆ ಯಾರದ್ದೋ ಫೋನಿಗೆ ಹೋಗಿರಬೇಕು, ಅಲ್ವಾ?

ಹಳೆಯ ಫೈಲು ತೆಗೆಸಿದೆ. ಖಾತೆ ತೆರೆಯುವ ಫಾರ್ಮಿನಲ್ಲಿ ಅವರು ತಮ್ಮ ಕೈಯಿಂದಲೇ ಮೊಬೈಲ್ ನಂಬರ್ ಬರೆದಿದ್ದರು. ಸ್ಕ್ರೀನಿನಲ್ಲಿದ್ದ ನಂಬರಿನ ಕೊನೆಯ ನಾಲ್ಕು ಅಂಕಿ ಅದಕ್ಕೆ ಕೂಡಲಿಲ್ಲ. ಸ್ಕ್ರೀನಿನಲ್ಲಿದ್ದದ್ದು ಅವರು ಮೊದಲು ಕೆಲಸ ಮಾಡುತ್ತಿದ್ದ ಹೋಟೆಲಿನ ಗಲ್ಲೆಯ ಫೋನು.

ಹೇಗೆ ಹಾಗಾಯಿತು? ಸಂಬಳದ ಖಾತೆಗಳನ್ನು ಒಟ್ಟಿಗೆ ತೆರೆಯುವಾಗ ಮಾಲೀಕರ ಕಡೆಯಿಂದ ಒಂದು ಎಕ್ಸೆಲ್ ಪಟ್ಟಿ ಬರುತ್ತದೆ. ಹೆಸರು, ಹುಟ್ಟಿದ ದಿನ, ವಿಳಾಸ, ಮೊಬೈಲ್ ಎಲ್ಲ ಅದರಲ್ಲಿ. ಆ ಹೋಟೆಲಿನವರು ಮೊಬೈಲ್ ಕಾಲಮ್ಮಿನಲ್ಲಿ ಎಲ್ಲರಿಗೂ ಒಂದೇ ನಂಬರ್ ತುಂಬಿದ್ದರು. ನಾವು ಆ ಪಟ್ಟಿಯನ್ನು ಹಾಗೆಯೇ ಅಪ್‌ಲೋಡ್ ಮಾಡಿದ್ದೆವು. ಫಾರ್ಮಿನ ಜೊತೆ ತಾಳೆ ನೋಡಬೇಕಾದದ್ದು ನಮ್ಮ ಕೆಲಸ. ಅದು ಆಗಿರಲಿಲ್ಲ. ಹಾಗಾಗಿ ತಪ್ಪು ನಮ್ಮದೇ.

ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ ಎಂದು ನಿಮಗೆ ಅನಿಸಬಹುದು. ಸ್ಟಾಲಿನ ಯುಪಿಐ ಹಣ ಅವರ ಇನ್ನೊಂದು ಬ್ಯಾಂಕಿನ ಖಾತೆಗೆ ಬರುತ್ತಿತ್ತು. ನಮ್ಮ ಖಾತೆಗೆ ಅವರು ಯುಪಿಐ ಜೋಡಿಸಿಯೇ ಇರಲಿಲ್ಲ. ಜೋಡಿಸಲು ಹೋಗಿದ್ದರೆ ನಂಬರ್ ಕೂಡುವುದಿಲ್ಲ ಎಂದು ಅವತ್ತೇ ತಿಳಿಯುತ್ತಿತ್ತು. ಕಾರ್ಡಿನಿಂದ ಹಣ ತೆಗೆದರೂ ಮೆಸೇಜ್ ಬರುತ್ತಿರಲಿಲ್ಲ. ಈ ಬ್ಯಾಂಕಿನವರು ಮೆಸೇಜ್ ಕಳಿಸುವುದೇ ಇಲ್ಲ ಅಂದುಕೊಂಡಿದ್ದರು.

ನಿಮ್ಮ ಖಾತೆಯಲ್ಲಿ ಇದನ್ನು ಪತ್ತೆ ಹಚ್ಚುವುದು ಸುಲಭ. ನಿಮ್ಮ ಕಾರ್ಡಿನಿಂದ ನೂರು ರೂಪಾಯಿ ತೆಗೆಯಿರಿ. ಮೆಸೇಜ್ ಬರದಿದ್ದರೆ ಬ್ರಾಂಚಿಗೆ ಹೋಗಿ, ಸ್ಕ್ರೀನಿನಲ್ಲಿರುವ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳಿ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿರುವ ವಿಳಾಸವನ್ನೂ ನೋಡಿಕೊಳ್ಳಿ. ಹಳೆಯ ಕೆಲಸದ ಜಾಗದ ವಿಳಾಸವೇ ಇದ್ದರೆ ಪತ್ರಗಳೂ ಅಲ್ಲಿಗೇ ಹೋಗುತ್ತಿರುತ್ತವೆ.

ಮೈನಸ್ ಯಾಕೆ?

ನವೆಂಬರ್ 10ಕ್ಕೆ ಖಾತೆಯಲ್ಲಿ 140 ರೂಪಾಯಿ ಮಾತ್ರ ಇತ್ತು. 304.44 ಕಟ್ ಆಗಿ ಮೈನಸ್ 164.44 ಆಯಿತು. ಮಿನಿಮಮ್ ಬ್ಯಾಲೆನ್ಸಿನ ದಂಡ ಒಂದರಿಂದಲೇ ಉಳಿತಾಯ ಖಾತೆ ಮೈನಸ್ ಆಗಬಾರದು. ಇದೂ ಆ 2014ರ ಸೂಚನೆಯಲ್ಲೇ ಇದೆ. ಇದಕ್ಕೆ ಲೆಕ್ಕ ಬೇಡ, ಲಾಗ್ ಬೇಡ. ಪಾಸ್‌ಬುಕ್ಕಿನ ಒಂದು ಗೆರೆಯೇ ಸಾಕ್ಷಿ.

ಸಾಮಾನ್ಯವಾಗಿ ಸಿಸ್ಟಮ್ಮೇ ಇದನ್ನು ತಡೆಯುತ್ತದೆ. ಇಲ್ಲಿ ತಡೆಯಲಿಲ್ಲ. ಸಂಬಳದ ಖಾತೆಯಾಗಿದ್ದಾಗ ಇವರಿಗೆ ಸಣ್ಣ ಓವರ್‌ಡ್ರಾಫ್ಟ್ ಸೌಲಭ್ಯ ಇತ್ತು. ಜುಲೈ 1ಕ್ಕೆ ಕೋಡ್ ಬದಲಾದಾಗ ಆ ಮಿತಿ ತೆಗೆದು ಹಾಕಬೇಕಿತ್ತು, ಹಾಗೇ ಉಳಿದುಬಿಟ್ಟಿತ್ತು. ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಹುದು ಎಂದೇ ಸಿಸ್ಟಮ್ ತಿಳಿದಿತ್ತು. ಇದನ್ನು ಹೆಡ್ ಆಫೀಸಿನ ಐಟಿ ವಿಭಾಗಕ್ಕೆ ಬರೆದೆ.

ಎಟಿಎಮ್ ಚಾರ್ಜ್

ಇದೊಂದು ಸರಿಯಾಗಿಯೇ ಕಟ್ ಆಗಿತ್ತು. ಬೇರೆ ಬ್ಯಾಂಕಿನ ಎಟಿಎಮ್ಮನ್ನು ತಿಂಗಳಿಗೆ ಮೂರು ಸಲ ಉಚಿತವಾಗಿ ಬಳಸಬಹುದು. ಇದು ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತಾ, ಬೆಂಗಳೂರು, ಹೈದರಾಬಾದ್ ಈ ಆರು ಊರುಗಳಿಗೆ. ಪುಣೆ, ಗೋವಾದಲ್ಲಿ ಐದು ಸಲ. ನಮ್ಮವರು ಅಕ್ಟೋಬರ್‌ನಲ್ಲಿ ಒಮ್ಮೆ ಬ್ಯಾಲೆನ್ಸ್ ನೋಡಿ, ಮೂರು ಸಲ ಹಣ ತೆಗೆದಿದ್ದರು. ಬೇರೆ ಬ್ಯಾಂಕಿನ ಎಟಿಎಮ್‌ನಲ್ಲಿ ಬ್ಯಾಲೆನ್ಸ್ ನೋಡಿದರೂ ಒಂದು ಲೆಕ್ಕ. ಹಾಗಾಗಿ ಕೊನೆಯದು ನಾಲ್ಕನೆಯದು. ಆಗಿನ ದರ 21 ರೂಪಾಯಿ, ಜಿಎಸ್‌ಟಿ ಸೇರಿ 24.78. 2025ರ ಮೇ 1ರಿಂದ ಗರಿಷ್ಠ 23 ಆಗಿದೆ.

ಒಂದು ಸಲ ಹಣ ಬರದೆ ಸ್ಲಿಪ್ ಮಾತ್ರ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಮಷೀನಿನಲ್ಲಿ ಕ್ಯಾಶ್ ಇಲ್ಲದೆ ಅಥವಾ ಲಿಂಕ್ ಇಲ್ಲದೆ ವಿಫಲವಾದದ್ದನ್ನು ಎಣಿಸಬಾರದು ಎಂದು 2019ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಅದನ್ನೂ ನೋಡಿದೆ. ನಾಲ್ಕೂ ಯಶಸ್ವಿ.

ಬರೆದ ಉತ್ತರ

ದೂರು ಕನ್ನಡದಲ್ಲಿತ್ತು. ಉತ್ತರವನ್ನೂ ಕನ್ನಡದಲ್ಲಿಯೇ ಬರೆದೆ. ಫೈಲಿಗೆ ಇಂಗ್ಲಿಷ್ ಪ್ರತಿ ಇಟ್ಟೆ. ನವೆಂಬರ್ 25ಕ್ಕೆ ಅವರ ಕೈಗೇ ಕೊಟ್ಟೆ.

> ಮಾನ್ಯರೇ,
>
> ನೀವು 18-11-2024ರಂದು ಕೊಟ್ಟ ದೂರನ್ನು ಪರಿಶೀಲಿಸಿದ್ದೇನೆ. ನಿಮಗೆ ಆದ ತೊಂದರೆಗೆ ಬ್ರಾಂಚಿನ ಪರವಾಗಿ ಕ್ಷಮೆ ಕೇಳುತ್ತೇನೆ.
>
> ಸಂಬಳ ಬರುವುದು ನಿಂತಿದ್ದರಿಂದ ನಿಮ್ಮ ಖಾತೆ 01-07-2024ರಿಂದ ಮಾಮೂಲಿ ಉಳಿತಾಯ ಖಾತೆಯಾಗಿದೆ. ಅದರಲ್ಲಿ ತಿಂಗಳ ಸರಾಸರಿ 5,000 ರೂಪಾಯಿ ಇರಬೇಕು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಅಷ್ಟು ಇರಲಿಲ್ಲ. ದಿನವಾರು ಲೆಕ್ಕದ ಹಾಳೆ ಇದರ ಜೊತೆಗಿದೆ.
>
> ಆದರೆ ಈ ವಿಷಯವನ್ನು ನಾವು ನಿಮಗೆ ತಿಳಿಸಿಲ್ಲ. ನೀವು ಫಾರ್ಮಿನಲ್ಲಿ ಬರೆದ ಮೊಬೈಲ್ ನಂಬರಿನ ಬದಲು ಬೇರೆ ನಂಬರ್ ನಮ್ಮ ದಾಖಲೆಯಲ್ಲಿ ಸೇರಿತ್ತು. ಮೆಸೇಜುಗಳೆಲ್ಲ ಆ ನಂಬರಿಗೆ ಹೋಗಿವೆ. ಇದು ನಮ್ಮ ತಪ್ಪು. ತಿಳಿಸದೆ ಹಾಕಿದ ದಂಡ ನಿಲ್ಲುವುದಿಲ್ಲ. ಹಾಗಾಗಿ ಮೂರೂ ತಿಂಗಳ ದಂಡವನ್ನು, ಜಿಎಸ್‌ಟಿ ಸೇರಿಸಿ ಒಟ್ಟು 729.24 ರೂಪಾಯಿಯನ್ನು, ಇಂದು ನಿಮ್ಮ ಖಾತೆಗೆ ವಾಪಸ್ ಹಾಕಿದ್ದೇವೆ. ಕಟ್ ಆದ ತಾರೀಕಿನಿಂದಲೇ ಲೆಕ್ಕಕ್ಕೆ ಬರುವಂತೆ ಹಾಕಿರುವುದರಿಂದ ಬಡ್ಡಿಯೂ ತಪ್ಪುವುದಿಲ್ಲ. ಈಗ ಖಾತೆಯಲ್ಲಿ 564.80 ರೂಪಾಯಿ ಇದೆ.
>
> 10-11-2024ರಂದು ಖಾತೆ ಮೈನಸ್ ಆಗಬಾರದಿತ್ತು. ಹಳೆಯ ಓವರ್‌ಡ್ರಾಫ್ಟ್ ಮಿತಿ ಉಳಿದದ್ದು ಕಾರಣ. ಅದನ್ನು ತೆಗೆದಿದ್ದೇವೆ.
>
> 26-10-2024ರ ಎಟಿಎಮ್ ಶುಲ್ಕ 24.78 ರೂಪಾಯಿ ಸರಿಯಾಗಿದೆ. ಅದು ಆ ತಿಂಗಳಲ್ಲಿ ಬೇರೆ ಬ್ಯಾಂಕಿನ ಎಟಿಎಮ್‌ನ ನಾಲ್ಕನೇ ಬಳಕೆ. ನಾಲ್ಕರ ದಿನ, ಸಮಯ ಲೆಕ್ಕದ ಹಾಳೆಯಲ್ಲಿದೆ. ಇದನ್ನು ವಾಪಸ್ ಕೊಡಲು ಆಗುವುದಿಲ್ಲ.
>
> ಮುಂದೆ ದಂಡ ಬೀಳಬಾರದು ಎಂದರೆ ಸರಾಸರಿ 5,000 ಇಡಬಹುದು. ಇಲ್ಲವಾದರೆ ಮಿನಿಮಮ್ ಇಲ್ಲದ ಬೇಸಿಕ್ ಉಳಿತಾಯ ಖಾತೆಗೆ ಬದಲಾಯಿಸಬಹುದು. ಅದರ ಫಾರ್ಮ್ ಇದರೊಂದಿಗಿದೆ. ನಿಮ್ಮ ಸರಿಯಾದ ಮೊಬೈಲ್ ನಂಬರ್ ದಾಖಲಿಸಲು ಆಧಾರ್ ಪ್ರತಿಯೊಂದಿಗೆ ಒಮ್ಮೆ ಬರಬೇಕು.
>
> ಈ ಉತ್ತರ ನಿಮಗೆ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವ ಹಕ್ಕು ನಿಮಗಿದೆ.
>
> ಬ್ರಾಂಚ್ ಮ್ಯಾನೇಜರ್

ಪತ್ರದಲ್ಲಿ "ಸೌಜನ್ಯಕ್ಕಾಗಿ ವಾಪಸ್ ಕೊಡುತ್ತಿದ್ದೇವೆ" ಎಂಬ ಮಾತು ನಾನು ಹಾಕಲಿಲ್ಲ. ನಮ್ಮ ಜೂನಿಯರ್ ಆಫೀಸರ್ ಮೊದಲ ಕರಡಿನಲ್ಲಿ ಹಾಕಿದ್ದರು. ಹಾಗೆ ಬರೆದರೆ ತಪ್ಪು ಎಲ್ಲಿ ಎಂಬುದು ಮುಚ್ಚಿಹೋಗುತ್ತದೆ. ಹಣ ವಾಪಸ್ ಬರುತ್ತದೆ, ತಪ್ಪು ನಂಬರ್ ಹಾಗೇ ಉಳಿಯುತ್ತದೆ, ಮುಂದಿನ ತಿಂಗಳು ಮತ್ತೆ ಕಟ್ ಆಗುತ್ತದೆ. ನಿಮಗೆ ಅಂಥ ಪತ್ರ ಬಂದಿದ್ದರೆ ಹಣ ತಗೊಳ್ಳಿ, ಆದರೆ ಕಾರಣ ಏನು ಎಂದು ಇನ್ನೊಂದು ಸಲ ಬರೆದು ಕೇಳಿ.

ನಿಮಗೆ ಬಂದ ಉತ್ತರ ಖಾಲಿ ಇದ್ದರೆ

"ಬ್ಯಾಂಕಿನ ನಿಯಮದಂತೆ ಶುಲ್ಕ ವಿಧಿಸಲಾಗಿದೆ." ಇಷ್ಟೇ ಬರೆದಿದ್ದರೆ ಅದರಲ್ಲಿ ತನಿಖೆ ಇಲ್ಲ. ವಾಪಸ್ ಒಂದು ಚಿಕ್ಕ ಪತ್ರ ಬರೆಯಿರಿ. ಖಾತೆಯ ಸ್ಕೀಮ್ ಬದಲಾದ ತಾರೀಕು ಕೇಳಿ. ದಂಡ ಬಿದ್ದ ತಿಂಗಳ ದಿನವಾರು ಬ್ಯಾಲೆನ್ಸಿನ ಲೆಕ್ಕ ಕೇಳಿ. ಮುನ್ಸೂಚನೆ ಯಾವ ದಿನ, ಯಾವ ನಂಬರಿಗೆ ಅಥವಾ ಯಾವ ವಿಳಾಸಕ್ಕೆ ಕಳಿಸಿದರು ಎಂದು ಕೇಳಿ. ಜಾಸ್ತಿ ಬೇಡ, ಈ ಮೂರೇ ಸಾಕು. ಮೂರಕ್ಕೂ ಉತ್ತರ ಕೊಡಲು ಹೊರಟ ಆಫೀಸರ್ ಫೈಲು ತೆಗೆಯಲೇಬೇಕಾಗುತ್ತದೆ.

ಬಾಯಲ್ಲಿ ಹೇಳಿ ಬಂದರೆ ಲೆಕ್ಕಕ್ಕಿಲ್ಲ. ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಇಮೇಲ್ ಮಾಡಿದರೆ ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂಬುಡ್ಸ್‌ಮನ್‌ಗೆ ಹೋಗಬಹುದು. ದೂರು ಹಾಕುವ ಜಾಗ `cms.rbi.org.in`. ಶುಲ್ಕ ಇಲ್ಲ, ವಕೀಲರು ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಅಲ್ಲಿಗೆ ಹೋದರೆ ತಗೊಳ್ಳುವುದಿಲ್ಲ. ಆ ಸೀಲಿನ ಪ್ರತಿ ಬೇಕಾಗುವುದು ಇಲ್ಲಿಯೇ.

ಬೇಸಿಕ್ ಖಾತೆಗೆ ಬದಲಾಯಿಸುವವರಿಗೆ ಒಂದು ಮಾತು. ಅದೇ ಬ್ಯಾಂಕಿನಲ್ಲಿ ಬೇಸಿಕ್ ಖಾತೆ ಮತ್ತು ಇನ್ನೊಂದು ಉಳಿತಾಯ ಖಾತೆ ಎರಡೂ ಇಟ್ಟುಕೊಳ್ಳಲು ಬರುವುದಿಲ್ಲ. ನಮ್ಮವರಿಗೆ ಇದ್ದದ್ದು ಒಂದೇ, ಹಾಗಾಗಿ ಅದೇ ದಿನ ಫಾರ್ಮ್ ತುಂಬಿ ಕೊಟ್ಟರು. 24.78ರ ಬಗ್ಗೆ ಕೇಳಿದರು. ಹಾಳೆ ತೋರಿಸಿದೆ. "ಬ್ಯಾಲೆನ್ಸ್ ನೋಡಿದ್ದಕ್ಕೂ ಲೆಕ್ಕವಾ ಮಾರಾಯ್ರೆ? ಅದು ನನಗೆ ಗೊತ್ತಿರ್ಲಿಲ್ಲ" ಎಂದರು. ಅದಕ್ಕೆ ತಕರಾರು ಮಾಡಲಿಲ್ಲ.

ಆಮೇಲೆ ಹೋಟೆಲಿನ ಗಲ್ಲೆಯ ನಂಬರ್ ಹಾಕಿ ಸಿಸ್ಟಮ್ಮಿನಲ್ಲಿ ಹುಡುಕಿದೆವು. ಇನ್ನೂ ಆರು ಖಾತೆಗಳಿಗೆ ಅದೇ ನಂಬರ್ ಇತ್ತು. ನಾಲ್ಕು ಜನ ಅಲ್ಲಿಯೇ ಕೆಲಸದಲ್ಲಿದ್ದರು, ಸಂಬಳ ಬೀಳುತ್ತಿತ್ತು, ದಂಡ ಇರಲಿಲ್ಲ. ಇಬ್ಬರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಅವರ ಖಾತೆಯಲ್ಲೂ ದಂಡ ಬಿದ್ದಿತ್ತು. ಅವರಿಂದ ದೂರು ಬಂದಿರಲಿಲ್ಲ. ಫಾರ್ಮಿನಲ್ಲಿದ್ದ ಅವರ ಸ್ವಂತ ನಂಬರಿಗೆ ಫೋನ್ ಮಾಡಿ ವಿಷಯ ತಿಳಿಸಿದೆವು, ಕಟ್ ಆದದ್ದನ್ನು ಅದೇ ವಾರ ವಾಪಸ್ ಹಾಕಿದೆವು.